ದಕ್ಷಿಣದ ಕಿಟಕಿ

ವಿಲ್ಗಾರಾದ ದೂರಶಿಕ್ಷಣ ಶಾಲೆಯಲ್ಲಿ ಎನಿಡ್ ಟ್ರೆಂಬತ್ ಮಾಡುತ್ತಿದ್ದ ಕೆಲಸಕ್ಕೆ ಸರಿಯಾದ ಹೆಸರಿರಲಿಲ್ಲ. ಅವಳು ಪಾಠ ಹೇಳುತ್ತಿರಲಿಲ್ಲ, ಉತ್ತರಪತ್ರಿಕೆ ತಿದ್ದುತ್ತಿರಲಿಲ್ಲ. ಫೋಟೊ ನೋಡುತ್ತಿದ್ದಳು.

ಶಾಲೆಯ ಮಕ್ಕಳು ಇದ್ದದ್ದು ದನದ ಸ್ಟೇಷನ್ನುಗಳಲ್ಲಿ, ಎಂದರೆ ನೂರಾರು ದನ ಸಾಕುವ ಭಾರೀ ಜಮೀನುಗಳಲ್ಲಿ, ಒಂದೊಂದೂ ಶಾಲೆಯಿಂದ ಇನ್ನೂರು ಮುನ್ನೂರು ಕಿಲೋಮೀಟರು ದೂರ. ಟೀಚರು ಕಂಪ್ಯೂಟರಿನ ಪರದೆಯ ಮೇಲೆ ಬಂದು ಹೋಗುತ್ತಿದ್ದರು. ಉಳಿದದ್ದೆಲ್ಲ ಮನೆಯೊಳಗಿನ ಒಂದು ಕೋಣೆಯಲ್ಲಿ, ಸಂಬಳಕ್ಕಿಟ್ಟುಕೊಂಡ ಹುಡುಗಿಯೊಬ್ಬಳ ಮೇಲ್ವಿಚಾರಣೆಯಲ್ಲಿ ನಡೆಯಬೇಕು. ವರ್ಷಕ್ಕೊಮ್ಮೆ ಪ್ರತಿ ಮನೆಯವರೂ ಆ ಕೋಣೆಯ ಫೋಟೊ ಕಳಿಸುತ್ತಿದ್ದರು. ಎನಿಡ್ ಅದನ್ನು ದೊಡ್ಡದಾಗಿ ಮುದ್ರಿಸಿಕೊಂಡು, ಮೇಜು ಎಲ್ಲಿರಬೇಕು, ಯಾವ ಗೋಡೆಗೆ ಮುಖ ಮಾಡಬೇಕು ಎಂದು ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸು ಕಳಿಸುತ್ತಿದ್ದಳು.

"ನೀನು ಫೋಟೊ ನೋಡಿ ಭವಿಷ್ಯ ಹೇಳೋಳು," ಎಂದು ಹೆಡ್‌ಮಾಸ್ಟರ್ ವಾರ್ವಿಕ್ ಚುಡಾಯಿಸುತ್ತಿದ್ದ.

"ಭವಿಷ್ಯ ಅಲ್ಲ, ದಿಕ್ಕು ಹೇಳ್ತೀನಿ," ಎನ್ನುತ್ತಿದ್ದಳು ಎನಿಡ್. "ಅದನ್ನ ಹೇಳೋಕೆ ಕಣ್ಣಿದ್ರೆ ಸಾಕು. ನಿಮಗಿಲ್ಲ, ಅಷ್ಟೆ."

ಕಣ್ಣು ಅವಳಿಗೆ ನಿಜವಾಗಿ ಇತ್ತು. ಕುರ್ಚಿಯ ಕಾಲಿನ ನೆರಳು ಬಿದ್ದ ಬಗೆಯಿಂದ ಫೋಟೊ ತೆಗೆದ ಹೊತ್ತು ತಿಳಿಯುತ್ತಿತ್ತು. ಕಿಟಕಿಯ ಪರದೆಯ ಯಾವ ಮಡಿಕೆ ಬಣ್ಣಗೆಟ್ಟಿದೆ ಎಂಬುದರಿಂದ ಬಿಸಿಲು ಬರುವ ದಾರಿ, ನೆಲದ ಹಾಸು ಎಲ್ಲಿ ಸವೆದಿದೆ ಎಂಬುದರಿಂದ ಮನೆಮಂದಿ ಓಡಾಡುವ ದಾರಿ. ಕಿಟಕಿಗೆ ಎದುರಾಗಿ ಮಗುವನ್ನು ಕೂರಿಸಿದರೆ ಕಣ್ಣು ಅಂಗಳದಲ್ಲಿ ಅಲುಗಿದ ಪ್ರತಿ ಕುದುರೆಯ ಹಿಂದೆ ಹೋಗುತ್ತದೆ. ಬೆನ್ನು ಮಾಡಿ ಕೂರಿಸಿದರೆ ಅದರ ತಲೆಯ ನೆರಳು ಅದರ ಪುಸ್ತಕದ ಮೇಲೇ ಬೀಳುತ್ತದೆ, ಕಂಪ್ಯೂಟರಿನ ಪರದೆಯಲ್ಲಿ ಕಿಟಕಿಯೇ ಹೊಳೆಯುತ್ತದೆ. ಬಾಗಿಲು ಬೆನ್ನಿಗಿದ್ದರೆ ಕಿವಿ ಹಿಂದಕ್ಕೇ ನೆಟ್ಟಿರುತ್ತದೆ. ಬರೆಯುವ ಕೈ ಬಲಗೈಯಾದರೆ ಬೆಳಕು ಎಡದಿಂದ ಬರಬೇಕು, ಎಡಗೈಯಾದರೆ ಬಲದಿಂದ. ಇಷ್ಟನ್ನು ಅವಳು ಯಾವ ತರಬೇತಿಯಲ್ಲೂ ಕಲಿತಿರಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ, ತಲ್ಗಾ ಡೌನ್ಸ್ ಎಂಬ ಸ್ಟೇಷನ್ನಿನ ಓದುವ ಕೋಣೆಯಲ್ಲಿ, ಮೈಮೇಲೆ ಅನುಭವಿಸಿ ಕಲಿತಿದ್ದಳು.

ಆ ಜೂನ್ ತಿಂಗಳ ಒಂದು ಬೆಳಿಗ್ಗೆ ತಲ್ಗಾ ಡೌನ್ಸ್‌ನಿಂದಲೇ ಫೋಟೊ ಬಂತು.

ಐವತ್ತನಾಲ್ಕು ವರ್ಷ ಕಳೆದಿದ್ದರೂ ಕೋಣೆಯ ಗುರುತು ಹಿಡಿಯಲು ಎನಿಡ್‌ಗೆ ಹೆಸರು ಓದಬೇಕಾಗಲಿಲ್ಲ. ಅದೇ ಹಲಗೆಯ ಗೋಡೆ. ಅದೇ ಗಾಜಿನ ಬೀರು, ಒಳಗೆ ದನದ ಪ್ರದರ್ಶನಗಳಲ್ಲಿ ಗೆದ್ದ ಬೆಳ್ಳಿ ಕಪ್ಪುಗಳು, ನೀಲಿ ರಿಬ್ಬನ್ನುಗಳು. ಬೀರುವಿನ ಎರಡೂ ಪಕ್ಕದಲ್ಲಿ ಬೆರಳಗಲದ ಬಿಳಿ ಗೆರೆ. ಆ ಗೆರೆ ಏನೆಂದು ಅವಳಿಗೆ ಗೊತ್ತಿತ್ತು. ಬೀರುವಿನ ಹಿಂದೆ ದಕ್ಷಿಣದ ಕಿಟಕಿ ಇತ್ತು. ಕಪ್ಪುಗಳು ಅದನ್ನು ಮೂರು ತಲೆಮಾರಿನಿಂದ ಮುಚ್ಚಿಕೊಂಡು ನಿಂತಿದ್ದವು.

ಆಗ ಎನಿಡ್ ಆ ಸ್ಟೇಷನ್ನಿನ ಅಡುಗೆಯವಳ ಮಗಳು. ಒಡೆಯರ ಮಗಳು ಕೋರಲ್ ಅವಳಿಗಿಂತ ಒಂದು ವರ್ಷ ದೊಡ್ಡವಳು. ಅಂಚೆಯಲ್ಲಿ ಬರುತ್ತಿದ್ದ ಪಾಠಗಳನ್ನು ಇಬ್ಬರೂ ಒಂದೇ ಕೋಣೆಯಲ್ಲಿ ಮಾಡಬಹುದೆಂದು ಒಡತಿ ದೊಡ್ಡ ಮನಸ್ಸು ಮಾಡಿ ಒಪ್ಪಿದ್ದಳು. ಕೋರಲ್‌ಗೆ ಕೋಣೆಯ ನಡುವೆ ದೀಪದ ಕೆಳಗಿನ ದೊಡ್ಡ ಮೇಜು. ಎನಿಡ್‌ಗೆ ಉಗ್ರಾಣದ ಬಾಗಿಲ ಪಕ್ಕದ ಮೂಲೆ, ಗೋಡೆಗೆ ಮುಖ, ಬಾಗಿಲಿಗೆ ಬೆನ್ನು. ಹಿಟ್ಟು ಬೇಕೆಂದು, ಸಕ್ಕರೆ ಬೇಕೆಂದು ದಿನಕ್ಕೆ ಐವತ್ತು ಸಲ ಆ ಬಾಗಿಲು ಬಡಿಯುತ್ತಿತ್ತು. ಬೆಳಕೆಂದು ಬರುತ್ತಿದ್ದದ್ದೂ ಅದರಿಂದಲೇ. ಹಾಗಾಗಿ ತನ್ನದೇ ತಲೆಯ ನೆರಳಿನೊಳಗೆ ಕೂತು ಅವಳು ಬರೆಯುತ್ತಿದ್ದಳು. ಒಂದು ದಿನ, ಬೀರುವನ್ನು ಒಂದು ಮೊಳ ಸರಿಸಬಹುದೇ, ತನಗೂ ಅಕ್ಷರ ಕಾಣುತ್ತದೆ ಎಂದು ಕೇಳಿದಳು.

"ಆ ಬೆಳಕು ನಮ್ಮನೇದು," ಅಂದಿದ್ದಳು ಕೋರಲ್. "ನಿಮ್ಮಮ್ಮನ ಅಡುಗೆಮನೆ ಕಡೆಯಿಂದ ಬರೋದನ್ನ ನೀನಿಟ್ಕೋ."

ಆ ವರ್ಷ ಕರಾವಳಿಯ ಹಾಸ್ಟೆಲ್ ಶಾಲೆಯ ಉಚಿತ ಸೀಟಿಗೆ ಪರೀಕ್ಷೆ ನಡೆದದ್ದೂ ಆ ಕೋಣೆಯಲ್ಲಿಯೇ. ಗಣಿತದ ಪ್ರಶ್ನೆಯಲ್ಲಿದ್ದ ಮೂರನ್ನು ಎನಿಡ್ ಎಂಟೆಂದು ಓದಿಕೊಂಡಳು, ಎರಡು ಕಡೆ. ಸೀಟು ನಾಲ್ಕು ಅಂಕದಲ್ಲಿ ಹೋಯಿತು. ಹದಿನಾಲ್ಕಕ್ಕೆ ವಿಲ್ಗಾರಾ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ ಸೇರಿದಳು. ಮೂವತ್ತೊಂದರಲ್ಲಿ, ಎರಡು ಮಕ್ಕಳ ತಾಯಾದ ಮೇಲೆ, ಮತ್ತೆ ಪುಸ್ತಕ ಹಿಡಿದು ಒಂದೊಂದೇ ಪರೀಕ್ಷೆ ಮುಗಿಸಿದಳು. ಬಟ್ಟೆಯ ಹಬೆಯಲ್ಲಿ ಕಳೆದ ಹದಿನೇಳು ವರ್ಷವನ್ನು ಅವಳು ಯಾರಿಗೂ ಕ್ಷಮಿಸಿರಲಿಲ್ಲ. ಕ್ಷಮಿಸಿದೆ ಎಂದು ಸುಳ್ಳೂ ಹೇಳಿರಲಿಲ್ಲ.

ಈಗ ಕೋರಲ್ ಹ್ಯಾಸಲ್ ತಲ್ಗಾ ಡೌನ್ಸ್‌ನ ಯಜಮಾನಿ. ಫೋಟೊದ ಜೊತೆ ಪತ್ರವಿತ್ತು. ಮೊಮ್ಮಗಳು ಪಿಪ್ಪಾ ಅದೇ ಉಚಿತ ಸೀಟಿನ ಪರೀಕ್ಷೆಗೆ ಕೂರುತ್ತಾಳೆ, ಜುಲೈ ಮೂರನೇ ಮಂಗಳವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು. ಮನೆಯಲ್ಲೇ ಬರೆಯಲು ಕೋಣೆಗೆ ಶಾಲೆಯ ಒಪ್ಪಿಗೆ ಬೇಕು. ಒಪ್ಪಿಗೆಯ ಸಹಿ ಎನಿಡ್‌ದು.

ಪಿಪ್ಪಾಳ ಮೇಜು ಉತ್ತರದ ಕಿಟಕಿಗೆ ತಾಗಿ ನಿಂತಿತ್ತು. ಮೇಜಿನ ಮೇಲೆ ಹೂದಾನಿ, ಹೊಸ ಪೆನ್ಸಿಲುಗಳು. ನೋಡಲು ಚೆಂದ. ಎನಿಡ್ ನಕ್ಕಳು. ಈ ತಪ್ಪು ಪ್ರತಿ ವರ್ಷ ಬರುತ್ತಿತ್ತು, ಐರ್ಲೆಂಡಿನಿಂದಲೋ ಇಂಗ್ಲೆಂಡಿನಿಂದಲೋ ಮೇಲ್ವಿಚಾರಣೆಯ ಕೆಲಸಕ್ಕೆ ಬಂದ ಹುಡುಗಿಯರ ಪೆಟ್ಟಿಗೆಯೊಳಗೆ ಕೂತು ಬರುತ್ತಿತ್ತು. ಅವರ ಊರಿನ ಪುಸ್ತಕಗಳಲ್ಲಿ ಉತ್ತರದ ಕಿಟಕಿಯೇ ತಣ್ಣನೆಯ, ಒಂದೇ ಸಮನಾದ ಬೆಳಕಿನ ಕಿಟಕಿ. ಭೂಮಧ್ಯರೇಖೆಯ ಕೆಳಗಿನ ಈ ನಾಡಿನಲ್ಲಿ ಸೂರ್ಯ ಇರುವುದೇ ಉತ್ತರಕ್ಕೆ. ಅದೂ ಚಳಿಗಾಲದ ಜುಲೈನಲ್ಲಿ, ತಗ್ಗಾಗಿ, ಗಿಡ್ಡ ಮಾಡಿನ ಕೆಳಗಿಂದ ತೂರಿ ಬರುತ್ತಾನೆ. ಫೋಟೊ ಎಂಟು ಗಂಟೆಗೆ ತೆಗೆದದ್ದು. ಹತ್ತಾಗುವ ಹೊತ್ತಿಗೆ ಆ ಬಿಳಿ ಹಾಳೆ ಕಣ್ಣಿಗೆ ಚುಚ್ಚುವ ತಗಡಾಗುತ್ತದೆ. ಎದುರಿಗೆ ದನದ ದೊಡ್ಡಿ ಬೇರೆ. ಎರಡು ಗಂಟೆ ಆ ಹುಡುಗಿ ಕಣ್ಣು ಕಿರಿದು ಮಾಡಿಕೊಂಡು, ಟ್ರಕ್ಕು ಬಂದಾಗಲೆಲ್ಲ ತಲೆ ಎತ್ತುತ್ತಾ ಬರೆಯಬೇಕು.

ಸೇಡು ತೀರಿಸಿಕೊಳ್ಳಲು ಎನಿಡ್ ಮಾಡಬೇಕಾದದ್ದು ಏನೂ ಇರಲಿಲ್ಲ. ಸಹಿ ಹಾಕಿದರೆ ಸಾಕು. 'ಕೋಣೆ ಸೊಗಸಾಗಿದೆ' ಎಂದು ಒಂದು ಸಾಲು ಬರೆದರೂ ಆಯಿತು. ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. ಅವಳು ಪೆನ್ನಿನ ಮುಚ್ಚಳ ತೆಗೆದಳು. ತನ್ನ ಹೆಸರಿನ ಮೊದಲ ಅಕ್ಷರವನ್ನೂ ಬರೆದಳು.

ಅಷ್ಟರಲ್ಲಿ ಕಣ್ಣು ಅಭ್ಯಾಸದಂತೆ ಬೀರುವಿನ ಗಾಜಿನ ಮೇಲೆ ಹೋಯಿತು. ಫೋಟೊದಲ್ಲಿ ಗಾಜು ಕಂಡರೆ ಚೌಕಟ್ಟಿನ ಹೊರಗಿರುವುದನ್ನು ಅದರಲ್ಲಿ ಹುಡುಕುವುದು ಅವಳ ರೂಢಿ. ಕಪ್ಪುಗಳ ನಡುವೆ ಒಂದು ಮಸುಕು ಪ್ರತಿಬಿಂಬ. ಉಗ್ರಾಣದ ಬಾಗಿಲು. ಅದರ ಪಕ್ಕ, ಗೋಡೆಗೆ ಮುಖಮಾಡಿ, ಒಂದು ಬೆನ್ನು. ಮೂಗು ಪುಸ್ತಕಕ್ಕೆ ತಾಗುವಷ್ಟು ಬಾಗಿದ ತಲೆ.

ಎನಿಡ್ ಭೂತಗನ್ನಡಿ ತೆಗೆದುಕೊಂಡಳು. ಆಮೇಲೆ ಹಾಜರಿ ಪಟ್ಟಿ ತೆಗೆದಳು. ತಲ್ಗಾ ಡೌನ್ಸ್, ವಿದ್ಯಾರ್ಥಿಗಳು ಇಬ್ಬರು: ಪಿಪ್ಪಾ ಹ್ಯಾಸಲ್. ಕಿರ್ರಾ ನೋಕ್ಸ್, ತಾಯಿ ಸ್ಟೇಷನ್ನಿನ ಅಡುಗೆಯವಳು. ಇಬ್ಬರೂ ಅದೇ ಪರೀಕ್ಷೆಗೆ ಹೆಸರು ಕೊಟ್ಟಿದ್ದರು. ಕಳಿಸಿದ ಫೋಟೊ ಒಂದೇ.

ಅವಳು ಬರೆದ ಅಕ್ಷರವನ್ನು ಹೊಡೆದು ಹಾಕಿದಳು. ಹಗೆ ಆರಲಿಲ್ಲ, ಜಾಗ ಬದಲಾಯಿಸಿತು. ಗುಟ್ಟಾಗಿ ಮಾಡುವ ಸೇಡು ಸಾಲದು ಅನ್ನಿಸಿತು. ಕೋರಲ್ ಕಣ್ಣಾರೆ ನೋಡಬೇಕು, ತನ್ನ ಕೈಯಾರೆ ಮಾಡಬೇಕು.

ಮಧ್ಯಾಹ್ನ ಅವಳು ತಲ್ಗಾ ಡೌನ್ಸ್‌ನಲ್ಲಿ ಮಕ್ಕಳ ಓದು ನೋಡಿಕೊಳ್ಳುತ್ತಿದ್ದ ಹುಡುಗಿ ಬ್ರೋನಾಗೆ ವಿಡಿಯೊ ಕರೆ ಮಾಡಿದಳು. ಬ್ರೋನಾ ಇಪ್ಪತ್ತೆರಡರ ಐರಿಷ್ ಹುಡುಗಿ, ಬಿಸಿಲಿಗೆ ಮೂಗು ಸುಲಿದಿತ್ತು.

"ಉತ್ತರದ ಕಿಟಕಿ ಯಾರ ಸಲಹೆ?"

"ನಂದೇ ಮೇಡಂ. ನಮ್ಮ ಕಡೆ ಹಾಗೇ ಮಾಡೋದು."

"ನಿಮ್ಮ ಕಡೆ ಸೂರ್ಯ ಬರೋದೇ ಕಮ್ಮಿ, ಯಾವ ಕಿಟಕಿಯಾದ್ರೂ ನಡೀತದೆ. ಹೊರಗೆ ಹೋಗಿ ನೋಡು, ಮಧ್ಯಾಹ್ನ ನಿನ್ನ ನೆರಳು ಯಾವ ಕಡೆ ಬೀಳ್ತಿದೆ ಅಂತ."

ಬ್ರೋನಾ ಹೋಗಿ ಬಂದಳು. ಮುಖ ಕೆಂಪಾಗಿತ್ತು. "ದಕ್ಷಿಣಕ್ಕೆ."

"ಈಗ ನನಗೆ ಆರು ಫೋಟೊ ಬೇಕು. ನಾಳೆ ಒಂಬತ್ತಕ್ಕೆ, ಹನ್ನೊಂದಕ್ಕೆ, ಎರಡಕ್ಕೆ. ಎರಡೂ ಮೇಜಿಂದ. ಫೋನು ಮಗುವಿನ ಕಣ್ಣಿನ ಎತ್ತರಕ್ಕೆ ಹಿಡಿ, ನಿಂತು ತೆಗೀಬೇಡ. ಬಿಳಿ ಹಾಳೆ ಮೇಲೆ ಒಂದು ಪೆನ್ಸಿಲು ನೆಟ್ಟಗೆ ನಿಲ್ಲಿಸು. ನೆರಳು ಎಷ್ಟು ಗಾಢ, ಯಾವ ಕಡೆ, ನನಗೆ ಕಾಣ್ಬೇಕು."

ಬ್ರೋನಾ ದನಿ ತಗ್ಗಿಸಿದಳು. "ಮೇಡಂ, ಎರಡನೇ ಮೇಜು... ಅದು ಫೋಟೊದಲ್ಲಿ ಬರೋದು ಬೇಡ ಅಂದ್ರು ಮಿಸೆಸ್ ಹ್ಯಾಸಲ್. ಅಡುಗೆಯವಳ ಮಗಳು ಸುಮ್ನೆ ಜೊತೆಗೆ ಕೂರ್ತಾಳೆ ಅಂತ."

"ಎಷ್ಟು ಫೋಟೊ ಅಂದೆ ನಾನು?"

"ಆರು."

"ಹಾಗಿದ್ರೆ ಆರು."

ಫೋಟೊಗಳು ಬಂದವು. ಪಿಪ್ಪಾಳ ಮೇಜಿನ ಮೇಲೆ ಹನ್ನೊಂದು ಗಂಟೆಗೆ ಪೆನ್ಸಿಲಿನ ನೆರಳು ಮಸಿಯಲ್ಲಿ ಗೆರೆ ಎಳೆದಂತಿತ್ತು, ಸುತ್ತಲ ಹಾಳೆ ಸುಣ್ಣದಂತೆ ಹೊಳೆಯುತ್ತಿತ್ತು. ಕಿರ್ರಾಳ ಹಾಳೆಯ ಮೇಲೆ ಪೆನ್ಸಿಲಿಗೆ ನೆರಳೇ ಇರಲಿಲ್ಲ. ಮೂರೂ ಹೊತ್ತು ಎಲ್ಲವೂ ಒಂದೇ ಬೂದು. ಹಾಳೆಯ ಪಕ್ಕ ಮಗುವಿನ ಕೈ ಕಾಣುತ್ತಿತ್ತು, ಎಡಗೈ, ಅಂಚಿಗೆಲ್ಲ ಸೀಸದ ಕಪ್ಪು ಹತ್ತಿದ್ದು.

ಎನಿಡ್ ಒಪ್ಪಿಗೆ ತಡೆಹಿಡಿದಳು. ಮರುದಿನವೇ ಕೋರಲ್‌ಳ ಕರೆ ಬಂತು.

"ನೋಡಿ ಮಿಸೆಸ್ ಟ್ರೆಂಬತ್, ನಿಮ್ಮ ಶಾಲೆ ಹುಟ್ಟೋಕೆ ಮುಂಚೆಯಿಂದ ನಮ್ಮನೇಲಿ ಮಕ್ಕಳು ಓದ್ತಿದ್ದಾರೆ. ಮೇಜು ಎಲ್ಲಿಡಬೇಕು ಅಂತ ಹೇಳಿಸ್ಕೊಳ್ಳೋ ಕಾಲ ಬಂತಾ ನಮಗೆ?"

"ಹೇಳೋದೇ ನನ್ನ ಕೆಲಸ, ಮಿಸೆಸ್ ಹ್ಯಾಸಲ್. ಒಂದು ಸಣ್ಣ ಪರೀಕ್ಷೆ ಇದೆ, ಎಲ್ಲ ಮನೆಗೂ ಇರೋದೇ. ಮನೆಯ ಹಿರಿಯರೊಬ್ಬರು ಮಗುವಿನ ಕುರ್ಚೀಲಿ ಕೂತು ಒಂದು ಪುಟ ಗಟ್ಟಿಯಾಗಿ ಓದಬೇಕು. ನಾನು ಈ ಕಡೆಯಿಂದ ನೋಡ್ತೀನಿ."

ಅದು ಸುಳ್ಳಲ್ಲ. ಎಲ್ಲ ಮನೆಗಳಲ್ಲೂ ಅವಳು ಹಾಗೇ ಮಾಡಿಸುತ್ತಿದ್ದಳು. ತಂದೆತಾಯಿ ಯಾರೂ ಮಕ್ಕಳ ಕುರ್ಚಿಯಲ್ಲಿ ಒಂದು ಸಲವೂ ಕೂತಿರುವುದಿಲ್ಲ ಎಂಬುದು ಅವಳ ಅನುಭವ.

"ಬ್ರೋನಾ ಓದ್ತಾಳೆ."

"ಬ್ರೋನಾ ಮನೆಯವಳಲ್ಲ. ನೀವು ಓದಿ. ಶುಕ್ರವಾರ ಹನ್ನೊಂದಕ್ಕೆ."

ಶುಕ್ರವಾರ ಹನ್ನೊಂದಕ್ಕೆ ಪರದೆಯ ಮೇಲೆ ಕೋರಲ್ ಕಾಣಿಸಿದಳು. ಅಗಲ ಭುಜ, ಮುತ್ತಿನ ಓಲೆ, ಇಸ್ತ್ರಿ ಮಾಡಿದ ಅಂಗಿ. ಬ್ರೋನಾ ಫೋನು ಹಿಡಿದಿದ್ದಳು. ಹಿಂದೆ ಇಬ್ಬರು ಹುಡುಗಿಯರು ಗೋಡೆಗೆ ಒರಗಿ ನಿಂತಿದ್ದರು. ಕೆಂಚುಗೂದಲ ಪಿಪ್ಪಾ ಎತ್ತರ, ಕಿರ್ರಾ ಸಣ್ಣವಳು.

ಮೊದಲು ಉತ್ತರದ ಕಿಟಕಿ. ಕೋರಲ್ ಕೂತಳು, ಹಳೆಯ ಪ್ರಶ್ನೆಪತ್ರಿಕೆ ಹಿಡಿದಳು, ಎರಡು ಸಾಲು ಓದುವಷ್ಟರಲ್ಲಿ ಕೈ ಹುಬ್ಬಿಗೆ ಹೋಯಿತು.

"ಕೈ ಇಳಿಸಿ," ಅಂದಳು ಎನಿಡ್. "ಪರೀಕ್ಷೇಲಿ ಬರೆಯೋಕೆ ಬೇಕಾಗ್ತದೆ ಅದು."

"ಬಿಸಿಲು ಬರ್ತಿದೆ, ಏನು ಮಾಡ್ಲಿ."

"ನನಗೆ ದಿನಾ ಹೀಗೇ ಅಜ್ಜಿ," ಅಂದಳು ಪಿಪ್ಪಾ. "ಹೇಳಿದ್ರೆ ನೆಪ ಅಂತೀಯ."

ಕೋರಲ್ ಮೊಮ್ಮಗಳತ್ತ ಒಮ್ಮೆ ನೋಡಿ ಎದ್ದಳು.

"ಈಗ ಆ ಮೂಲೆ," ಅಂದಳು ಎನಿಡ್.

"ಅಲ್ಲಿ ಪಿಪ್ಪಾ ಕೂರಲ್ಲ."

"ನನ್ನ ಪಟ್ಟೀಲಿ ಎರಡು ಹೆಸರಿದೆ."

ಕೋರಲ್ ಮೂಲೆಯ ಕುರ್ಚಿಯಲ್ಲಿ ಕೂತಳು. ಕುರ್ಚಿ ಗಿಡ್ಡ, ಮೊಣಕಾಲು ಮೇಜಿನ ಹಲಗೆಗೆ ತಾಗಿತು. ಬೆನ್ನಿಗೆ ಉಗ್ರಾಣದ ಬಾಗಿಲು. ಅವಳ ಅಗಲ ಭುಜದ ನೆರಳು ಹಾಳೆಯನ್ನು ಪೂರ್ತಿ ನುಂಗಿತು. ಎನಿಡ್ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತಳು. ಐವತ್ತನಾಲ್ಕು ವರ್ಷ ಈ ನೋಟಕ್ಕೆ ಕಾದಿದ್ದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

"ನಾಲ್ಕನೇ ಪ್ರಶ್ನೆ ಓದಿ."

"ಒಂದು ದೊಡ್ಡೀಲಿ ಎಂಟುನೂರ... ಎಂಬತ್ತೆಂಟು ಹಸು." ಹಿಂದೆ ಬಾಗಿಲು ಬಡಿಯಿತು. ಯಾರೋ ಹಿಟ್ಟಿನ ಡಬ್ಬಿ ಎಳೆದರು. ಕೋರಲ್ ತಿರುಗಿ ಗದರಿದಳು, "ಯಾರದು, ಸ್ವಲ್ಪ ತಡೀಬಾರದಾ." ಮತ್ತೆ ಹಾಳೆಗೆ ಬಂದಾಗ ಸಾಲು ತಪ್ಪಿತ್ತು. "ಎಲ್ಲಿದ್ದೆ ನಾನು."

"ಕಿರ್ರಾ," ಅಂದಳು ಎನಿಡ್, "ಅಲ್ಲಿರೋದು ಎಷ್ಟು?"

"ಮುನ್ನೂರ ಮೂವತ್ತೆಂಟು," ಅಂದಳು ಕಿರ್ರಾ ಮೆಲ್ಲಗೆ. "ಅಲ್ಲಿ ಕೂತ್ರೆ ಎಂಟರ ಹಾಗೇ ಕಾಣ್ತದೆ. ನಾನು ಹಾಳೇನ ಬಾಗಿಲ ಕಡೆ ಎತ್ತಿ ಹಿಡಿದು ನೋಡ್ಕೋತೀನಿ."

"ನನ್ನ ಕನ್ನಡಕ ಹಳೇದಾಗಿದೆ," ಅಂದಳು ಕೋರಲ್.

"ಕನ್ನಡಕ ಅದೇ ಇರಲಿ. ಅದೇ ಹಾಳೆ ಹಿಡ್ಕೊಂಡು ದಕ್ಷಿಣದ ವೆರಾಂಡಕ್ಕೆ ಹೋಗಿ. ನಿಮ್ಮ ಬೀರುವಿನ ಹಿಂದೆ ಒಂದು ಕಿಟಕಿ ಇದೆಯಲ್ಲ, ಅದರ ಹೊರಗೆ ನಿಲ್ಲಿ."

ಕೋರಲ್ ಹೋದಳು. ಅಲ್ಲಿ ನಿಂತು ಇಡೀ ಪುಟವನ್ನು ತಡವರಿಸದೆ ಓದಿದಳು, ಮುನ್ನೂರ ಮೂವತ್ತೆಂಟು ಹಸುವಿನಿಂದ ಕೊನೆಯ ಬಿಂದುವಿನವರೆಗೆ. ಓದಿ ಮುಗಿಸಿದವಳು ಹಾಳೆ ಇಳಿಸಲಿಲ್ಲ. ಆಮೇಲೆ ಫೋನನ್ನು ಬ್ರೋನಾಳ ಕೈಯಿಂದ ಕಿತ್ತುಕೊಂಡು ಮುಖದ ಹತ್ತಿರ ತಂದಳು.

"ಬೀರುವಿನ ಹಿಂದೆ ಕಿಟಕಿ ಇರೋದು ನಿಮಗೆ ಹೇಗೆ ಗೊತ್ತು?"

"ಫೋಟೊದಲ್ಲಿ ಎರಡು ಪಕ್ಕ ಬೆಳಕಿನ ಗೆರೆ ಇತ್ತು."

"ಮದುವೆಗೆ ಮುಂಚೆ ನಿಮ್ಮ ಹೆಸರೇನಿತ್ತು?"

"ಪಾವಿ."

"ಎನಿಡ್ ಪಾವಿ." ಕೋರಲ್‌ಳ ಬಾಯಲ್ಲಿ 'ನೀವು' ಅಲ್ಲಿಗೆ ಮುಗಿಯಿತು. "ನೀನು ಡಾಟ್‌ಳ ಮಗಳು."

"ಡಾಟ್ ಪಾವಿಯವರ ಮಗಳು."

"ಹಗೆ ತೀರಿಸ್ಕೋತಿದ್ದೀಯ. ಒಂದು ಮಾತಿಗೆ. ಮಕ್ಕಳಾಗಿದ್ದಾಗ ಆಡಿದ ಮಾತಿಗೆ."

"ಹೌದು," ಅಂದಳು ಎನಿಡ್. "ಹಗೆಗೇ ಮಾಡ್ತಿದ್ದೀನಿ. ಈಗ ನಾನು ಗುರುತು ಹಾಕಿ ಕಳಿಸ್ತೀನಿ. ಅದರಲ್ಲಿ ತಪ್ಪು ಎಲ್ಲಿದೆ ತೋರಿಸಿ. ತೋರಿಸಿದ್ರೆ ನಾನು ಕೆಲಸ ಬಿಡ್ತೀನಿ."

ಆ ಸಂಜೆ ಅವಳು ಕೆಂಪು ಪೆನ್ಸಿಲು ಹಿಡಿದು ಕೂತಳು. ಬದುಕಿನಲ್ಲಿ ಇಷ್ಟು ಎಚ್ಚರದಿಂದ ಯಾವ ಗುರುತನ್ನೂ ಹಾಕಿರಲಿಲ್ಲ. ಬೀರು ಹೊರಗೆ. ದಕ್ಷಿಣದ ಕಿಟಕಿಯ ಒಂದು ಪಕ್ಕಕ್ಕೆ ಪಿಪ್ಪಾಳ ಮೇಜು, ಮುಖ ಪಡುವಣ ಗೋಡೆಗೆ. ಬಲಗೈಯವಳಿಗೆ ಬೆಳಕು ಎಡದಿಂದ. ಇನ್ನೊಂದು ಪಕ್ಕಕ್ಕೆ ಕಿರ್ರಾಳ ಮೇಜು, ಮುಖ ಮೂಡಣ ಗೋಡೆಗೆ. ಎಡಗೈಯವಳಿಗೆ ಬೆಳಕು ಬಲದಿಂದ. ಬೆನ್ನಿಗೆ ಬೆನ್ನು. ಒಬ್ಬಳ ಪೆನ್ನು ಓಡುವುದು ಇನ್ನೊಬ್ಬಳಿಗೆ ಕಾಣದು. ಒಂದೇ ಕಿಟಕಿ, ಇಬ್ಬರಿಗೂ ಅದರಿಂದ ಅಷ್ಟೇ ದೂರ. ಅಳತೆಪಟ್ಟಿ ಇಟ್ಟು ಅಳೆದು ಬರೆದಳು: ತೊಂಬತ್ತು ಸೆಂಟಿಮೀಟರ್, ತೊಂಬತ್ತು ಸೆಂಟಿಮೀಟರ್. ಉತ್ತರದ ಕಿಟಕಿಗೆ ದಪ್ಪ ಪರದೆ. ಪಾಠದ ಹೊತ್ತಿನಲ್ಲಿ ಉಗ್ರಾಣದ ಬಾಗಿಲಿಗೆ ಕೋಣೆಯ ಕಡೆಯಿಂದ ಚಿಲಕ. ಮನೆಯವರು, ಯಾರೇ ಆಗಲಿ, ವೆರಾಂಡ ಸುತ್ತಿ ಹೋಗತಕ್ಕದ್ದು. 'ಯಾರೇ ಆಗಲಿ' ಎಂಬುದರ ಕೆಳಗೆ ಗೆರೆ ಎಳೆದಳು.

ಕಳಿಸುವ ಮೊದಲು ವಾರ್ವಿಕ್ ನೋಡಿದ. "ಅವರ ಬೀರುವಿನ ಮೇಲೆ ನಿನಗೇನು ಕೋಪ?"

"ಕಿಟಕಿ ಮುಂದೆ ನಿಂತಿದೆ."

"ಅಷ್ಟೇನಾ?"

"ಅಷ್ಟೆ. ಬಹಳ ವರ್ಷದಿಂದ ನಿಂತಿದೆ."

ಕೋರಲ್ ನಾಲ್ಕು ದಿನ ತಪ್ಪು ಹುಡುಕಿದಳು. ಪಟ್ಟಣದ ಕಟ್ಟಡದ ಎಂಜಿನಿಯರಿಗೆ ಫೋಟೊ ತೋರಿಸಿದಳಂತೆ. ಆತ ನೋಡಿ, ನಾನಾದರೂ ಹೀಗೇ ಹೇಳುತ್ತಿದ್ದೆ ಅಂದನಂತೆ. ಐದನೆಯ ದಿನ ಕಪ್ಪುಗಳನ್ನು ಒಂದೊಂದಾಗಿ ಕಾಗದದಲ್ಲಿ ಸುತ್ತಿ ಕೆಳಗಿಳಿಸಿದಳು. ಬೇರೆ ಯಾರೂ ಮುಟ್ಟಬಾರದೆಂದು ತಾನೇ ಮಾಡಿದಳೆಂದು ಬ್ರೋನಾ ಹೇಳಿದಳು. ಎನಿಡ್ ಎಷ್ಟು ಕಪ್ಪು, ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿ ತಿಳಿದುಕೊಂಡಳು.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆ ಎರಡು ಫೋಟೊ ಬಂದವು. ಎರಡು ಹಾಳೆ, ಎರಡು ಪೆನ್ಸಿಲು, ಎರಡಕ್ಕೂ ಒಂದೇ ಬಗೆಯ ಮೆತ್ತನೆಯ ನೆರಳು, ಒಂದು ಎಡಗೈಯಿಂದ ಆಚೆಗೆ, ಒಂದು ಬಲಗೈಯಿಂದ ಆಚೆಗೆ. ಎನಿಡ್ ಸಹಿ ಹಾಕಿದಳು.

ಆಗಸ್ಟಿನಲ್ಲಿ ಫಲಿತಾಂಶ ಬಂತು. ಇಬ್ಬರಿಗೂ ಸೀಟು ಸಿಕ್ಕಿತು. ಪಿಪ್ಪಾಗೆ ಕಿರ್ರಾಗಿಂತ ಎರಡು ಅಂಕ ಹೆಚ್ಚು. ಆ ಎರಡು ಅಂಕ ಎನಿಡ್‌ಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಉಳಿಯಿತು. ಹ್ಯಾಸಲ್‌ರ ಮಗುವಿಗೆ ತಾನೇ ಬೆಳಕು ಅಳೆದು ಕೊಟ್ಟೆ ಎಂದು ವಾರಗಟ್ಟಲೆ ಕುದಿದಳು. ಬೇರೆ ಏನಾದರೂ ಮಾಡಬಹುದಿತ್ತೆ ಎಂದು ಯೋಚಿಸಿದಳು. ಪಿಪ್ಪಾಳ ಮೇಜನ್ನು ನೂರಿಪ್ಪತ್ತು ಸೆಂಟಿಮೀಟರಿಗೆ ತಳ್ಳಬಹುದಿತ್ತು. ಆಗ ಕೋರಲ್‌ಗೆ ತಪ್ಪು ಸಿಕ್ಕುತ್ತಿತ್ತು.

ವರ್ಷದ ಕೊನೆಯಲ್ಲಿ ಅವಳು ತಲ್ಗಾ ಡೌನ್ಸ್‌ನಿಂದ ಇನ್ನೊಂದು ಫೋಟೊ ತರಿಸಿಕೊಂಡಳು. ಹುಡುಗಿಯರು ಹೋದ ಮೇಲೆ ಕೋಣೆ ಹೇಗಿದೆ ಎಂದು ಶಾಲೆಯ ದಾಖಲೆಗೆ ಬೇಕು ಎಂಬ ನೆಪದಲ್ಲಿ. ಅಡುಗೆಯವಳ ಎರಡನೆಯ ಮಗಳು ಮುಂದಿನ ವರ್ಷ ಅಲ್ಲೇ ಓದುವವಳಾದ್ದರಿಂದ ಮೇಜುಗಳು ಅಲುಗಿರಲಿಲ್ಲ. ಬೀರುವಿಗೆ ಮನೆಯಲ್ಲಿ ಬೇರೆ ಜಾಗ ಸಿಕ್ಕಿರಲಿಲ್ಲ. ಉಗ್ರಾಣದ ಬಾಗಿಲ ಪಕ್ಕದ ಮೂಲೆಗೆ ತಳ್ಳಿ, ಕಪ್ಪುಗಳನ್ನು ಮತ್ತೆ ಒಳಗೆ ಜೋಡಿಸಿದ್ದರು.

ಎನಿಡ್ ಆ ಫೋಟೊವನ್ನು ಕಡತಕ್ಕೆ ಹಾಕಲಿಲ್ಲ. ಮನೆಗೆ ಒಯ್ದು ಚೌಕಟ್ಟು ಹಾಕಿಸಿ, ಓದುವ ಮೇಜಿನ ಎದುರು ಗೋಡೆಗೆ ತೂಗು ಹಾಕಿದಳು. ಆಗಾಗ ಭೂತಗನ್ನಡಿ ಹಿಡಿದು ನೋಡುತ್ತಿದ್ದಳು. ಆ ಮೂಲೆಯ ಮಬ್ಬಿನಲ್ಲಿ, ಕಪ್ಪುಗಳ ಮೇಲೆ ಕೆತ್ತಿದ ಹೆಸರುಗಳಲ್ಲಿ ಒಂದನ್ನೂ ಓದಲು ಆಗುತ್ತಿರಲಿಲ್ಲ.